ಸಂಜೆ ನಾಲ್ಕರ ಹಸಿವಿಗೆ ಯಾವ ಡಬ್ಬಿ: ಕರಿಯದೆ, ಬಿಸ್ಕತ್ತು ಕೊಡದೆ ಇಬ್ಬರು ಮಕ್ಕಳ ವಾರ

ಕಲ್ಯಾಣದಲ್ಲಿರುವ ಗೆಳತಿಯೊಬ್ಬಳು ಹೋದ ತಿಂಗಳು ಲೋಕಲ್‌ನಲ್ಲಿ ಸಿಕ್ಕಾಗ ಕೇಳಿದ್ದಳು. "ಬಿಸ್ಕತ್ತು ಬಿಡಿಸಿದೆ, ಕರಿದದ್ದೂ ಬಿಡಿಸಿದೆ. ಈಗ ಕೊಡೋದೇನು? ಮೊಳಕೆಕಾಳು ಒಳ್ಳೇದಾ, ಇಡ್ಲಿ ಹಿಟ್ಟು ಇಟ್ಕೊಳ್ಳೋದು ಒಳ್ಳೇದಾ, ಚುರಮುರಿ ಸಾಕಾ?" ದಾದರ್ ಬರುವಷ್ಟರಲ್ಲಿ ಅರ್ಧ ಉತ್ತರ ಹೇಳಿದೆ. ಉಳಿದರ್ಧ ಇಲ್ಲಿದೆ.

ಮೊದಲು ನಾನು ಮಾಡಿದ ತಪ್ಪು. ಎರಡು ವರ್ಷದ ಹಿಂದೆ ಫ್ರಿಜ್ ಬಾಗಿಲಿಗೆ ಏಳು ದಿನಕ್ಕೆ ಏಳು ತಿಂಡಿಯ ಪಟ್ಟಿ ಅಂಟಿಸಿದ್ದೆ. ಸೋಮವಾರ ಢೋಕ್ಲಾ, ಮಂಗಳವಾರ ರಾಗಿ ದೋಸೆ, ಬುಧವಾರ ಮತ್ತೇನೋ. ಬುಧವಾರಕ್ಕೇ ಪಟ್ಟಿ ಸತ್ತಿತು. ಏಳು ತಿಂಡಿ ಅಂದರೆ ಏಳು ಸಲ ನೆನೆಹಾಕು, ಏಳು ಸಲ ಹೆಚ್ಚು, ಏಳು ಅರ್ಧಂಬರ್ಧ ಡಬ್ಬಿ. ಆಗ ಗೊತ್ತಾಯಿತು, ಬದಲಾಗಬೇಕಾದ್ದು ತಟ್ಟೆಯ ಮೇಲೆ ಕಾಣುವ ರೂಪ. ಕೆಳಗಿನ ಸಾಮಾನು ವಾರಕ್ಕೆ ಎರಡೇ ಸಾಕು.

ಅಳೆಯುವುದು ಯಾವುದರಿಂದ

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ನಿಮ್ಮದನ್ನು ಪಕ್ಕದಲ್ಲಿಟ್ಟು ನೋಡಿ. ಡೊಂಬಿವಲಿ. ಮಗಳಿಗೆ ಹನ್ನೆರಡು, ಬೆಳಗಿನ ಪಾಳಿಯ ಶಾಲೆ. ಮಧ್ಯಾಹ್ನ ಒಂದೂವರೆಗೆ ಬಂದು ಊಟ ಮಾಡಿ, ನಾಲ್ಕೂವರೆಗೆ ಕ್ಲಾಸಿಗೆ ಹೊರಡುತ್ತಾಳೆ, ಬರುವುದು ಏಳಕ್ಕೆ. ಮಗನಿಗೆ ಆರು, ಮಧ್ಯಾಹ್ನದ ಪಾಳಿ. ಸಂಜೆ ಐದೂಮುಕ್ಕಾಲಿಗೆ ಬೂಟು ಬಿಚ್ಚುವ ಮೊದಲೇ "ಮಮ್ಮಿ, ಖಾವು" ಅನ್ನುತ್ತಾನೆ, ಮಮ್ಮಿ ಆಗ ಇನ್ನೂ ಘಾಟ್ಕೋಪರ್ ಹತ್ತಿರ ನೇತಾಡುತ್ತಿದ್ದರೂ. ಮನೆಯಲ್ಲಿರುವುದು ಅತ್ತೆ. ಎಪ್ಪತ್ತೆರಡು ವರ್ಷ, ಮಂಡಿನೋವು. ರಾತ್ರಿ ಊಟ ಎಂಟೂವರೆಗೆ.

ಇದರಿಂದ ನಾಲ್ಕು ಪ್ರಶ್ನೆ ಹುಟ್ಟುತ್ತವೆ. ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದಾರೆ, ಅವರು ಒಲೆ ಮುಂದೆ ಎಷ್ಟು ನಿಲ್ಲಬಲ್ಲರು? ಊಟಕ್ಕೆ ಇನ್ನೆಷ್ಟು ಹೊತ್ತಿದೆ? ತಿಂಡಿಯಲ್ಲಿ ಪ್ರೋಟೀನು ಇದೆಯಾ, ಬರೀ ಅಕ್ಕಿಯಾ? ಈ ಊರಿನ ಸೆಕೆ ಮತ್ತು ಮಳೆಯಲ್ಲಿ ಅದು ಸಂಜೆಯವರೆಗೆ ಕೆಡದೆ ಇರುತ್ತಾ? ಖರ್ಚು ಐದನೆಯದು. ಆದರೆ ಇಲ್ಲಿ ಹೇಳುವ ಬಹುಪಾಲು ತಿಂಡಿ ಬಿಸ್ಕತ್ತಿನ ಪುಡಿಕೆಗಿಂತ ದುಬಾರಿಯೇನಲ್ಲ.

ಮೂರನೇ ಪ್ರಶ್ನೆಯನ್ನೇ ಜನ ಮರೆಯುವುದು. ಕರಿದಿಲ್ಲ, ಸರಿ. ಆದರೆ ಬರೀ ಅಕ್ಕಿಯದ್ದು ತಿಂದ ಮಗು ಮುಕ್ಕಾಲು ಗಂಟೆಯಲ್ಲಿ ಮತ್ತೆ ಡಬ್ಬಿ ಹುಡುಕುತ್ತದೆ. ಆಗ ಕೈಗೆ ಸಿಗುವುದು ಅದೇ ಬಿಸ್ಕತ್ತು. ಬೇಕರಿಯ ಖಾರಿ, ಟೋಸ್ಟ್, ನಾನ್‌ಕಟಾಯಿ ಕೂಡ ನನ್ನ ಲೆಕ್ಕದಲ್ಲಿ ಬಿಸ್ಕತ್ತಿನ ಸೋದರರೇ. ಪುಡಿಕೆಯಲ್ಲಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊಳಕೆಕಾಳು

ಪ್ರೋಟೀನಿನಲ್ಲಿ ಇದಕ್ಕೇ ಮೊದಲ ಸ್ಥಾನ. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನು. ಇಬ್ಬರು ಮಕ್ಕಳಿಗೆ ಎರಡು ದಿನಕ್ಕೆ ನೂರು ಗ್ರಾಂ ಸಾಕು, ಅಂದರೆ ಒಂದು ಸಲಕ್ಕೆ ಒಬ್ಬರಿಗೆ ಸರಾಸರಿ ಆರು ಗ್ರಾಂ, ಒಂದು ಮೊಟ್ಟೆಯಷ್ಟು. ಅಗ್ಗವೂ ಹೌದು. ಮಡಕಿ ಕಾಳು, ಇಲ್ಲಿನವರ ಮಟಕಿ, ಹೆಸರಿಗಿಂತ ರುಚಿ. ಆದರೆ ಅದರಲ್ಲಿ ಮೊಳಕೆ ಬಾರದ ಕಲ್ಲುಕಾಳು ಜಾಸ್ತಿ. ಹಾಲುಹಲ್ಲು ಅಲ್ಲಾಡುತ್ತಿರುವ ಆರು ವರ್ಷದವನಿಗೆ ಕೊಡುವ ಮೊದಲು ತಟ್ಟೆಯಲ್ಲಿ ಹರಡಿ ಆರಿಸಬೇಕು. ಹಾಗಾಗಿ ನಾನು ಹೆಸರಿಗೇ ಅಂಟಿಕೊಂಡಿದ್ದೇನೆ.

ರಾತ್ರಿ ಹತ್ತಕ್ಕೆ ತೊಳೆದು ನೆನೆಹಾಕಿ. ಬೆಳಿಗ್ಗೆ ಆರೂವರೆಗೆ ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜಾಲರಿಯ ಮೇಲಿಡಿ. ಏಪ್ರಿಲ್-ಮೇ ಸೆಕೆಯಲ್ಲಿ ಸಂಜೆಗೆಲ್ಲಾ ಉಗುರುದ್ದ ಮೊಳಕೆ ಬಂದಿರುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಇನ್ನೊಂದು ರಾತ್ರಿ ಬೇಕು. ಅಲ್ಲಿನವರು ಗಂಟನ್ನು ಬೆಚ್ಚಗಿನ ಹಾಟ್‌ಪಾಟ್ ಡಬ್ಬಿಯೊಳಗಿಟ್ಟು ಮುಚ್ಚಳವನ್ನು ಸ್ವಲ್ಪ ತೆರೆದಿಡುತ್ತಾರೆ.

ತೊಂದರೆ ಬರುವುದು ಮಳೆಗಾಲದಲ್ಲಿ. ಜುಲೈನಲ್ಲಿ ಒಂದು ದಿನ ಮಧ್ಯಾಹ್ನ ತೊಳೆಯುವುದು ಬಿಟ್ಟುಹೋಗಿತ್ತು. ಸಂಜೆ ಗಂಟು ಬಿಚ್ಚಿದರೆ ಕಾಳು ಬೆರಳಿಗೆ ಲೋಳೆಲೋಳೆ, ಹುಳಿ ವಾಸನೆ. ನಾನಾದರೂ ಸುಮ್ನೆ ಚೆಲ್ಲಬೇಕಿತ್ತು. ತೊಳೆದರೆ ಹೋಗುತ್ತದೆ ಅಂದುಕೊಂಡೆ. ಮಗಳು ಒಂದು ಚಮಚ ಬಾಯಿಗಿಟ್ಟು ಎದ್ದುಹೋದಳು, ಮುಂದೆ ಎರಡು ತಿಂಗಳು ಮೊಳಕೆ ಅಂದರೆ ಮೂಗು ಮುರಿದಳು. ಮಳೆಗಾಲದಲ್ಲಿ ಮಧ್ಯಾಹ್ನ ಒಂದು ಸಲ ಗಂಟು ಬಿಚ್ಚಿ ತೊಳೆದು, ನೀರು ಹಿಂಡಿ ಮತ್ತೆ ಕಟ್ಟಲೇಬೇಕು. ಲೋಳೆ, ಹುಳಿ ವಾಸನೆ, ಎಳೆ ಎಳೆಯಾಗಿ ಬರುವ ನೀರು, ಈ ಮೂರರಲ್ಲಿ ಒಂದು ಕಂಡರೂ ಅದು ಕಸದಬುಟ್ಟಿಗೆ.

ಹಸಿಯಾಗಿ ಕೊಡಬೇಡಿ. ಹಸಿಯದ್ದರಲ್ಲೇ ಶಕ್ತಿ ಅನ್ನುವವರು ನಮ್ಮ ಬಿಲ್ಡಿಂಗಿನಲ್ಲೂ ಇದ್ದಾರೆ. ಆದರೆ ಮೊಳಕೆ ಬರಲು ಬೇಕಾದ ಬಿಸಿ ಮತ್ತು ತೇವ ರೋಗಾಣುಗಳಿಗೂ ಅಷ್ಟೇ ಇಷ್ಟ. ಸಾಲ್ಮೊನೆಲ್ಲಾದಂಥವು ಕಾಳಿನ ಮೇಲೇ ಇದ್ದರೆ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಮಾತ್ರ ಸಾಯುತ್ತವೆ. ಮಾರ್ಕೆಟ್ಟಿನಲ್ಲಿ ಗುಡ್ಡೆ ಹಾಕಿ ಮಾರುವ ಮೊಳಕೆಗೂ ಇದೇ ಮಾತು. ನೀರು ಕುದಿ ಬಂದಮೇಲೆ ಇಡ್ಲಿ ಪಾತ್ರೆಯಲ್ಲಿ ಆರೇಳು ನಿಮಿಷ ಹಬೆ ಕೊಡಿ. ಕಚ್ಚಿದರೆ ಮೆದುವಾಗಿರಬೇಕು, ಹಸಿ ವಾಸನೆ ಹೋಗಿರಬೇಕು, ಮುದ್ದೆಯಾಗಿರಬಾರದು. ಕುಕ್ಕರ್ ಸೀಟಿ ಹೊಡೆಸಿದರೆ ಪಿಠ್ಲೆ ಆಗುತ್ತದೆ.

ಬೆಂದದ್ದಕ್ಕೆ ಉಪ್ಪು, ತೆಂಗಿನತುರಿ, ಚಿಟಿಕೆ ಇಂಗಿನ ಒಗ್ಗರಣೆ. ಲಿಂಬೆಹುಳಿ ಬಿಡಬೇಡಿ, ಅದು ರುಚಿಗೆ ಮಾತ್ರ ಅಲ್ಲ. ಕಾಳಿನ ಕಬ್ಬಿಣದಂಶ ಮೈಗೆ ಹತ್ತಲು ಲಿಂಬೆಯ ಸಿ ವಿಟಮಿನ್ ನೆರವಾಗುತ್ತದೆ, ಚಹಾ ಅಡ್ಡಬರುತ್ತದೆ. ಹನ್ನೆರಡರ ಹುಡುಗಿಗೆ ಈ ಕಬ್ಬಿಣ ಬೇಕೇ ಬೇಕು. ಹಾಗಾಗಿ ಅಜ್ಜಿಯ ಜೊತೆ ಅರ್ಧ ಕಪ್ ಚಹಾ ಕುಡಿಯುವ ಅವಳ ಹೊಸ ಚಟಕ್ಕೆ ಮೊಳಕೆಯ ದಿನ ರಜೆ.

ಎದುರು ಮಾತು ಒಂದೇ, ಗ್ಯಾಸು. ಊಟ ಬೇಗ ಮಾಡುವ ಮನೆಯಲ್ಲಿ ಆರು ಗಂಟೆಗೆ ಬಟ್ಟಲು ತುಂಬಾ ಕಾಳು ತಿಂದ ಮಗು ರಾತ್ರಿ ಅನ್ನ ಮುಟ್ಟುವುದಿಲ್ಲ. ಚಿಕ್ಕವನಿಗೆ ಅಕ್ಕನ ಅರ್ಧ ಕೊಟ್ಟು, ಪಕ್ಕಕ್ಕೆ ಬಾಳೆಹಣ್ಣು ಇಡುತ್ತೇನೆ.

ಇಡ್ಲಿ ಹಿಟ್ಟು, ಅಂದರೆ ಪಡ್ಡು

ಮಕ್ಕಳು ಜಗಳವಿಲ್ಲದೆ ತಿನ್ನುವುದು ಇದನ್ನೇ. ಒಂದು ಹಿಟ್ಟಿನಿಂದ ಎರಡು ದಿನ ನಡೆಯುತ್ತದೆ. ಮೊದಲ ದಿನ ಇಡ್ಲಿ, ಎರಡನೇ ದಿನ ಸ್ವಲ್ಪ ಹುಳಿ ಬಂದ ಹಿಟ್ಟಿಗೆ ಈರುಳ್ಳಿ, ತುರಿದ ಗಜ್ಜರಿ, ಕೊತ್ತಂಬರಿ ಹಾಕಿ ಪಡ್ಡು. ಇಲ್ಲಿನವರು ಅಪ್ಪೆ ಅನ್ನುತ್ತಾರೆ, ಅಪ್ಪೆಪಾತ್ರ ಎಲ್ಲ ಸ್ಟೀಲ್ ಅಂಗಡಿಯಲ್ಲೂ ಸಿಗುತ್ತದೆ.

ಪಡ್ಡು ಕರಿದದ್ದಲ್ಲವಾ ಅಂತ ಗೆಳತಿ ಕೇಳಿದಳು. ಮನೆಗೆ ಬಂದು ಅಳೆದೇ ಬಿಟ್ಟೆ. ಏಳು ಗುಳಿಯ ಕಬ್ಬಿಣದ ಹಂಚು, ಪಳಗಿದ್ದು. ಚಹಾ ಚಮಚದಲ್ಲಿ ಒಂದು ಚಮಚ ಎಣ್ಣೆ ಬಟ್ಟಲಿಗೆ ಹಾಕಿ, ಅರ್ಧ ಈರುಳ್ಳಿಯನ್ನು ಅದ್ದಿ ಗುಳಿಗಳಿಗೆ ಸವರಿದೆ. ಏಳು ಪಡ್ಡು ಎದ್ದು ಬಂದಮೇಲೂ ಬಟ್ಟಲಲ್ಲಿ ಎಣ್ಣೆ ಉಳಿದಿತ್ತು. ಆದರೆ ಗುಳಿ ತುಂಬಾ ಎಣ್ಣೆ ಬಿಟ್ಟು ಗರಿಗರಿ ಮಾಡುವ ಮನೆಗಳೂ ಇವೆ. ಅದು ಆಕಾರ ಬದಲಿಸಿದ ವಡೆ, ಅಷ್ಟೇ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಮೂರು ನಿಮಿಷ, ತಿರುವಿ ಹಾಕಿ ಎರಡು ನಿಮಿಷ. ಹಿಟ್ಟು ಹಿಡಿದುಕೊಂಡರೆ ಹಂಚು ಇನ್ನೂ ಕಾದಿಲ್ಲ ಅಂತ ಅರ್ಥ, ಎಣ್ಣೆ ಸಾಲದು ಅಂತ ಅಲ್ಲ.

ಕೊರತೆ ಎರಡು. ಹಿಟ್ಟಿನಲ್ಲಿ ಉದ್ದಿಗಿಂತ ಅಕ್ಕಿಯೇ ಮೂರು ಪಟ್ಟು, ಹಾಗಾಗಿ ಬರೀ ಪಡ್ಡು ಕೊಟ್ಟರೆ ಹೊಟ್ಟೆ ಬೇಗ ಖಾಲಿ. ಪಕ್ಕಕ್ಕೆ ಶೇಂಗಾ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಕೊಡಿ. ತೆಂಗಿನ ಚಟ್ನಿ ಬೆಳಿಗ್ಗೆ ರುಬ್ಬಿ ಸಂಜೆಗೆ ಹೊರಗಿಟ್ಟರೆ ಮುಂಬಯಿಯಲ್ಲಿ ಉಳಿಯುವುದಿಲ್ಲ, ಚಟ್ನಿಪುಡಿ ತಿಂಗಳು ಉಳಿಯುತ್ತದೆ. ಎರಡನೆಯದು ಒಲೆ. ನಮ್ಮ ಮಕ್ಕಳು ಬೇರೆ ಬೇರೆ ಹೊತ್ತಿಗೆ ತಿನ್ನುವುದರಿಂದ ಅತ್ತೆ ಎರಡು ಸಲ ನಿಲ್ಲಬೇಕು. ನಾವು ಸ್ಟೂಲ್ ಹಾಕಿ, ಚಿಕ್ಕ ಬರ್ನರ್ ಮೇಲೆ ಹಂಚು ಇಟ್ಟು ಹೇಗೋ ಹೊಂದಿಸಿಕೊಂಡಿದ್ದೇವೆ. ದೊಡ್ಡವರು ಮನೆಯಲ್ಲಿಲ್ಲದಿದ್ದರೆ ಪಡ್ಡನ್ನು ಪಟ್ಟಿಯಿಂದಲೇ ತೆಗೆಯಿರಿ. ಬೆಳಿಗ್ಗೆಯ ಡಬ್ಬಿಯ ಜೊತೆ ಬೇಯಿಸಿದ ಇಡ್ಲಿಗೆ ತುಪ್ಪ, ಚಟ್ನಿಪುಡಿ ಸವರಿಟ್ಟರೆ ಸಾಕು.

ಅಂಗಡಿಯ ಹಿಟ್ಟಾದರೂ ನಡೆಯುತ್ತದೆ. ನಾನೂ ತಿಂಗಳಲ್ಲಿ ಎರಡು ಸಲ ತರುತ್ತೇನೆ. ರುಬ್ಬಿದ್ದು ಯಾವತ್ತು ಅಂತ ಕೇಳಿ, ತಂದಕೂಡಲೇ ಫ್ರಿಜ್‌ನಲ್ಲಿಡಿ. ಪುಡಿಕೆ ಬಲೂನಿನಂತೆ ಉಬ್ಬಿದ್ದರೆ ಆ ಹೊತ್ತಿಗೆ ಹುಳಿ ಹತ್ತಿಬಿಟ್ಟಿದೆ ಅಂತ ತಿಳಿಯಿರಿ.

ಚುರಮುರಿ

ಅಗ್ಗ, ಹಗುರ, ಎರಡೇ ನಿಮಿಷದ ಕೆಲಸ. ಆದರೆ ಒಂದು ಬಟ್ಟಲು ಚುರಮುರಿಯಲ್ಲಿ ಗಾಳಿಯೇ ಜಾಸ್ತಿ, ಪ್ರೋಟೀನು ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಒಂದನ್ನೇ ಕೊಟ್ಟರೆ ಅದು ತಿಂಡಿಯಲ್ಲ, ಕಾಲಕ್ಷೇಪ. ಇನ್ನು ಭೇಳ್ ಮಾಡಿದರೆ ಶೇವು ಬರುತ್ತದೆ, ಶೇವಿನ ಜೊತೆ ಕರಿದದ್ದು ಹಿಂಬಾಗಿಲಿನಿಂದ ಬಂದೇಬಿಟ್ಟಿತು. ಮುಂಬಯಿಯಲ್ಲಿ ಶೇವಿಲ್ಲದ ಭೇಳ್ ಕೊಟ್ಟರೆ ಮಕ್ಕಳು ಕೇಸು ಹಾಕುತ್ತಾರೆ ಅನ್ನುವುದು ಬೇರೆ ಮಾತು. ನಾವು ಶೇವಿನ ಜಾಗಕ್ಕೆ ಹುರಿದ ಶೇಂಗಾ ಮತ್ತು ಪುಟಾಣಿ ಹಾಕುತ್ತೇವೆ.

ಪುಟಾಣಿ ಅಂದಾಗ ನೆನಪಾಯಿತು. ಊರಿನಿಂದ ಹೊಸದಾಗಿ ಬಂದವರು ವಾಣಿಯ ಅಂಗಡಿಯಲ್ಲಿ ಪುಟಾಣಿ ಕೇಳಿದರೆ ಅವನು ಸಿಪ್ಪೆಯಿರುವ ಹುರಿದ ಕಡಲೆ, ಅಂದರೆ ಫುಟಾಣೆ, ಕೊಡುತ್ತಾನೆ. ನಮ್ಮ ಪುಟಾಣಿ, ಬೆಂಗಳೂರಿನವರ ಹುರಿಗಡಲೆ ಬೇಕಿದ್ದರೆ "ಡಾಳಂ" ಅಂತ ಕೇಳಬೇಕು. ಎರಡೂ ಇಟ್ಟುಕೊಳ್ಳಿ. ಡಾಳಂ ಪುಡಿ ಸೂಸಲಕ್ಕೆ, ಸಿಪ್ಪೆಯ ಫುಟಾಣೆ ಜೇಬಿಗೆ.

ಸೂಸಲ ಗೊತ್ತಿಲ್ಲದವರಿಗೆ: ಚುರಮುರಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಿ, ಈರುಳ್ಳಿ, ಟೊಮ್ಯಾಟೊ ಒಗ್ಗರಣೆಗೆ ಹಾಕಿ, ಇಬ್ಬರಿಗೆ ಮೂರು ದೊಡ್ಡ ಚಮಚ ಪುಟಾಣಿ ಪುಡಿ ಉದುರಿಸುವುದು. ಆ ಪುಡಿಯಿಂದಲೇ ಅದು ಹೊಟ್ಟೆಗೆ ನಿಲ್ಲುತ್ತದೆ. ಮಳೆಗಾಲಕ್ಕೆ ಇದೇ ಸರಿ, ಚುರಮುರಿ ಹೇಗೂ ಮೆತ್ತಗಾಗಿರುತ್ತದೆ ಅಲ್ವಾ. ಗರಿಗರಿಯೇ ಬೇಕಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬೆಚ್ಚಗೆ ಮಾಡಿ, ಆರಿದಮೇಲೆ ಡಬ್ಬಿಗೆ ಹಾಕಿ.

ಮೊಸರವಲಕ್ಕಿ

ಒಲೆ ಬೇಡ ಅನ್ನುವುದೇ ಇದರ ದೊಡ್ಡ ಗುಣ. ತೆಳು ಅವಲಕ್ಕಿಗೆ ನೀರು ಚಿಮುಕಿಸಿ, ಮೊಸರು, ಉಪ್ಪು, ತುರಿದ ಸೌತೆಕಾಯಿ ಹಾಕಿದರೆ ಐದು ನಿಮಿಷ. ಮಗಳು ತಾನೇ ಮಾಡಿಕೊಳ್ಳುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಅವಲಕ್ಕಿ ಡಬ್ಬಿ ಹೊರಗೆ, ಮೊಸರು ಫ್ರಿಜ್‌ನಲ್ಲಿ, ಕಲಸುವುದು ತಿನ್ನುವಾಗ. ಬೆಳಿಗ್ಗೆ ಕಲಸಿಟ್ಟರೆ ಸಂಜೆಗೆ ಹುಳಿ ಅಂಟು. ಒಂದು ಬಟ್ಟಲು ಮೊಸರಿನಿಂದ ಐದು ಗ್ರಾಂ ಪ್ರೋಟೀನು ಬರುತ್ತದೆ, ಅವಲಕ್ಕಿಯದು ಮೇಲೊಂದಿಷ್ಟು.

ಅತ್ತೆಗೆ ಸಂಜೆ ಮೊಸರು ಒಪ್ಪಿಗೆಯಿಲ್ಲ, ನೆಗಡಿ ಬರುತ್ತದೆ ಅನ್ನುತ್ತಾರೆ. ವಾದ ಮಾಡುವುದಕ್ಕಿಂತ ಜನವರಿಯಲ್ಲಿ ಹಚ್ಚಿದ ಅವಲಕ್ಕಿಗೆ ಹೋಗುತ್ತೇವೆ. ಮೆಂತ್ಯೆಹಿಟ್ಟು, ಸ್ವಲ್ಪ ಎಣ್ಣೆ, ಈರುಳ್ಳಿ, ಶೇಂಗಾ. ಮೆಂತ್ಯೆಹಿಟ್ಟು ಊರಿಂದ ಬಾರದಿದ್ದರೆ ಇಲ್ಲಿನ ಮೇತಕೂಟ್ ಹೆಚ್ಚುಕಡಿಮೆ ಅದೇ ರುಚಿ.

ಕ್ಲಾಸಿಗೆ ಒಯ್ಯುವ ಡಬ್ಬಿ

ಮಗಳ ತಿಂಡಿ ನಾಲ್ಕಕ್ಕೆ, ಮರಳುವುದು ಏಳಕ್ಕೆ. ನಡುವೆ ಕ್ಲಾಸಿನ ಕೆಳಗೆ ವಡಾಪಾವ್ ಗಾಡಿ. ಆ ಗಾಡಿಯ ಎದುರು ನಿಲ್ಲಬಲ್ಲ ಒಣ ತಿಂಡಿ ಏನು? ಮಖಾನಾ ಕೊಟ್ಟು ನೋಡಿದೆ. ಹುರಿಯುವುದು ಸುಲಭ, ಆದರೆ ದುಬಾರಿ, ಹೊಟ್ಟೆಗೂ ಏನೂ ಇಲ್ಲ. ಚಿಕ್ಕಿ ಹಲ್ಲಿಗೆ ಅಂಟುತ್ತದೆ, ಕ್ಲಾಸು ಮುಗಿಯುವವರೆಗೂ ಬಾಯಿ ತೊಳೆಯುವವರಿಲ್ಲ. ಕೊನೆಗೆ ಉಳಿದದ್ದು ಒಂದು ಮುಷ್ಟಿ ಫುಟಾಣೆ, ಒಂದು ಖಾಕ್ರಾ, ಒಂದು ಲಿಂಬೆಗಾತ್ರದ ಶೇಂಗಾ ಉಂಡೆ.

ಖಾಕ್ರಾ ಕೊಳ್ಳುವುದೇ. ಗುಜರಾತಿ ಮನೆಗಳವರು ಮಾಡಿ ಮಾರುವುದು ಸಿಕ್ಕರೆ ಒಳ್ಳೆಯದು. ಪುಡಿಕೆಯದ್ದಾದರೆ ಹಿಂದೆ ಬರೆದದ್ದನ್ನು ಓದಿ. ಮೊದಲ ಹೆಸರು ಗೋಧಿ ಹಿಟ್ಟಾಗಿರಬೇಕು, ಮೈದಾ ಆಗಿದ್ದರೆ ಅದೂ ಬಿಸ್ಕತ್ತೇ. ಉಂಡೆಗೆ ಎರಡು ಅಳತೆ ಶೇಂಗಾಕ್ಕೆ ಒಂದು ಅಳತೆ ಬೆಲ್ಲ. ಬೆಲ್ಲವೂ ಸಕ್ಕರೆಯ ಮನೆತನದ್ದೇ, ಹಾಗಾಗಿ ದಿನಕ್ಕೆ ಒಂದೇ. ಶೇಂಗಾ ಹುರಿಯುವ ಮೊದಲು ಸುಕ್ಕಿದ್ದು, ಕಪ್ಪಿಟ್ಟದ್ದು, ಬೂಷ್ಟು ಹಿಡಿದದ್ದು ಆರಿಸಿ ಚೆಲ್ಲಿ. ಮಳೆಗಾಲದ ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಐದು ತುಂಬದ ಮಗುವಿದ್ದರೆ ಇಡೀ ಶೇಂಗಾ, ಇಡೀ ಫುಟಾಣೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ನಮ್ಮ ವಾರ, ಮತ್ತು ನಿಮ್ಮದು

ಭಾನುವಾರ ರಾತ್ರಿಗೆ ಹಿಟ್ಟು ಸಿದ್ಧ. ಸೋಮವಾರ ಬೆಳಗಿನ ಡಬ್ಬಿಯ ಜೊತೆ ಮಾಡಿದ ಇಡ್ಲಿಯೇ ಸಂಜೆಗೆ. ಮಂಗಳವಾರ ಪಡ್ಡು, ಆ ರಾತ್ರಿ ಹೆಸರು ನೆನೆಹಾಕುವುದು. ಬುಧವಾರ ಹಿಟ್ಟು ಮುಗಿದಿದೆ, ಮೊಳಕೆ ಇನ್ನೂ ಬಂದಿಲ್ಲ, ಹಾಗಾಗಿ ಮೊಸರವಲಕ್ಕಿ. ಮೊಳಕೆಯನ್ನು ಬುಧವಾರ ರಾತ್ರಿ ಒಣಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್‌ಗೆ. ಗುರುವಾರ ಹಬೆಯಲ್ಲಿ ಬೇಯಿಸಿದ ಉಸಳಿ. ಶುಕ್ರವಾರ ಉಳಿದರ್ಧ ಬೇಯಿಸಿ ಚುರಮುರಿಗೆ ಬೆರೆಸಿದ್ದು. ಶನಿವಾರ ಗೆಣಸು, ಇಲ್ಲಿನ ರತಾಳೆ, ಅಥವಾ ಮೆಕ್ಕೆಜೋಳ, ಮಾರ್ಕೆಟ್ಟಿನಲ್ಲಿ ಯಾವುದಿದೆಯೋ ಅದು. ಗೆಣಸಿನಲ್ಲಿ ಪ್ರೋಟೀನು ಕಡಿಮೆ, ಒಂದು ಲೋಟ ಹಾಲು ಪಕ್ಕಕ್ಕೆ. ಭಾನುವಾರ ವಡಾಪಾವ್, ಎಲ್ಲರಿಗೂ, ನಿಂತುಕೊಂಡು.

ಸಂಜೆ ಮನೆಯಲ್ಲಿ ಯಾರೂ ಇರದಿದ್ದರೆ ಪಡ್ಡು ಮತ್ತು ಉಸಳಿ ಬಿಟ್ಟು ಮೊಸರವಲಕ್ಕಿ, ತಣ್ಣನೆಯ ಇಡ್ಲಿ, ಬೇಯಿಸಿಟ್ಟ ಗೆಣಸಿನಲ್ಲಿ ವಾರ ತೆಗೆಯಿರಿ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಇವೆಲ್ಲಕ್ಕಿಂತ ಸುಲಭ, ನಮ್ಮಲ್ಲಿ ನಡೆಯುವುದಿಲ್ಲ. ಕೈ ಬಿಗಿ ಇದ್ದರೆ ಹೆಸರುಕಾಳು ವಾರಕ್ಕೆ ಎರಡು ಸಲ ಕಟ್ಟಿ, ಚುರಮುರಿ ಜೊತೆಗಿರಲಿ. ಸಮಯಕ್ಕೇ ಬರ, ದುಡ್ಡಿಗಲ್ಲ ಅನ್ನುವವರು ಹಿಟ್ಟೂ ಕೊಳ್ಳಿ, ಮೊಳಕೆಯೂ ಕೊಳ್ಳಿ, ಹಬೆ ಮಾತ್ರ ಮನೆಯಲ್ಲೇ ಕೊಡಿ. ರಾತ್ರಿ ಊಟ ಏಳಕ್ಕೇ ಮುಗಿಸುವ ಮನೆಯಾದರೆ ಇದ್ಯಾವುದೂ ಬೇಡ, ಒಂದು ಹಣ್ಣು ಸಾಕು.

ಪುಣೆಯವರಿಗೆ ಒಂದು ಹೆಚ್ಚಿನ ಅನುಕೂಲ ಇದೆ. ಚಳಿಗಾಲದಲ್ಲಿ ಅಲ್ಲಿ ಹುರಡಾ ಬರುತ್ತದೆ, ನಮ್ಮೂರ ಸೀತನಿಯೇ. ಶನಿವಾರದ ಗೆಣಸಿನ ಜಾಗಕ್ಕೆ ಅದನ್ನಿಡಿ. ಎಳೆ ಜೋಳವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಶೇಂಗಾ ಚಟ್ನಿಪುಡಿ ಉದುರಿಸಿದರೆ ಆಯಿತು. ತಂದ ದಿನವೇ ತಿನ್ನಿಸಿ. ಮರುದಿನಕ್ಕೆ ಕಾಳು ಗಟ್ಟಿ, ಸಿಹಿಯೂ ಇರುವುದಿಲ್ಲ.